ಸಂಜೆ ಏಳಕ್ಕೆ ನಿಲ್ಲುವ ವಾಷಿಂಗ್ ಮಷೀನ್

ತಂಗಿಯ ಮನೆಯ ವಾಷಿಂಗ್ ಮಷೀನ್ ಬೆಳಗ್ಗೆ ಚೆನ್ನಾಗಿ ಓಡುತ್ತಿತ್ತು, ಸಂಜೆ ಕೈಕೊಡುತ್ತಿತ್ತು. ಮೊದಲು ಗೊಣಗಿದಂಥ ಒಂದು ಸದ್ದು. ಒಳಗಿನ ಬಟ್ಟೆ ತಿರುಗುವುದಿಲ್ಲ, ನೀರು ಮಾತ್ರ ಸ್ವಲ್ಪ ಅಲುಗಾಡುತ್ತದೆ. ಹತ್ತು ನಿಮಿಷದಲ್ಲಿ ಸುಟ್ಟ ವಾರ್ನಿಶ್‌ನ ಸಣ್ಣ ವಾಸನೆ, ಆಮೇಲೆ ಪೂರ್ತಿ ಮೌನ. ಅರ್ಧ ಗಂಟೆ ಬಿಟ್ಟು ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು. ಕಂಪನಿಯ ಮೆಕ್ಯಾನಿಕ್ ಎರಡು ಸಲ ಬಂದು ನೋಡಿದ. ಎರಡು ಸಲವೂ ಬಂದದ್ದು ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಆ ಹೊತ್ತಿನಲ್ಲಿ ಮಷೀನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಮೂರನೆಯ ಸಲ ಬಂದವನು "ಬೋರ್ಡ್ ಹೋಗಿರಬೇಕು" ಅಂದ, ಬೋರ್ಡ್ ಬದಲಾಯಿಸಿದ, ದುಡ್ಡು ತೆಗೆದುಕೊಂಡು ಹೋದ. ಆ ದಿನ ಸಂಜೆ ಮತ್ತೆ ಅದೇ ಗೊಣಗಾಟ.

"ಅಣ್ಣಾ, ಸ್ಟೆಬಿಲೈಜರ್ ಹಾಕಿಸಿದರೆ ಸರಿಹೋಗುತ್ತಾ? ಎಲ್ಲರೂ ಅದನ್ನೇ ಹೇಳ್ತಿದಾರೆ" ಎಂದು ಅವಳು ಫೋನಿನಲ್ಲಿ ಕೇಳಿದಳು. ನಾನು ವರ್ಷಗಟ್ಟಲೆ ಐಟಿಐ ಹುಡುಗರಿಗೆ ಮೋಟರ್ ಪಾಠ ಮಾಡಿದವನು. ಆದರೂ ತಕ್ಷಣ ಹೂಂ ಅನ್ನಲಿಲ್ಲ. ವೋಲ್ಟೇಜ್ ಎಲ್ಲಿ ಬೀಳುತ್ತಿದೆ ಎಂದು ನೋಡದೆ ಸ್ಟೆಬಿಲೈಜರ್ ಕೊಳ್ಳುವುದು, ಜ್ವರ ಎಲ್ಲಿಂದ ಬಂತೆಂದು ನೋಡದೆ ಮಾತ್ರೆ ನುಂಗಿದ ಹಾಗೆ. ಕೆಲವು ಮನೆಗಳಲ್ಲಿ ಅದು ಮಷೀನನ್ನು ನಿಜವಾಗಿ ಉಳಿಸುತ್ತದೆ. ಇನ್ನು ಕೆಲವು ಮನೆಗಳಲ್ಲಿ ತೊಂದರೆಯನ್ನು ಹೆಚ್ಚಿಸುತ್ತದೆ. ತಂಗಿಯ ಮನೆಯಲ್ಲಿ ಎರಡೂ ಆಯಿತು, ಒಂದರ ಹಿಂದೆ ಒಂದು.

ಅವರ ಊರು ಬಯಲುಸೀಮೆಯ ತೆಂಗಿನ ತೋಟಗಳ ಊರು. ಹಳೆಯ ಮನೆ ರಸ್ತೆ ಬದಿಗಿದೆ, ಮೀಟರ್ ಅಲ್ಲಿದೆ. ಹೊಸ ಮನೆಯನ್ನು ನೂರು ಮೀಟರ್ ಒಳಗೆ ತೋಟದಲ್ಲಿ ಕಟ್ಟಿಕೊಂಡಿದ್ದಾರೆ. ಮೀಟರಿನಿಂದ ಒಂದು ವೈರು ತೆಂಗಿನ ಮರಗಳ ನಡುವೆ ತೂಗಿಕೊಂಡು ಹೊಸ ಮನೆಗೆ ಬರುತ್ತದೆ. ಮನೆ ಕಟ್ಟುವಾಗ ನೀರು ಹೊಡೆಯಲು, ಬಲ್ಬು ಉರಿಸಲು ತಾತ್ಕಾಲಿಕವಾಗಿ ಎಳೆದ ವೈರು ಅದು. ಆಮೇಲೆ ಅದೇ ಕಾಯಂ ಆಯಿತು. ಇಂಥ ವೈರುಗಳು ಕರ್ನಾಟಕದ ಊರೂರಲ್ಲೂ ಇವೆ.

ಮಲ್ಟಿಮೀಟರ್ ಹಿಡಿದು ನಾನು ಹೋದದ್ದು ಒಂದು ಸಂಜೆ, ಸರಿಯಾಗಿ ತೋಟದ ಬೋರುಗಳು ಓಡುವ ಹೊತ್ತಿಗೆ. ಮಷೀನ್ ಇನ್ನೂ ಹಾಕಿರಲಿಲ್ಲ. ಫ್ರಿಜ್, ಟಿವಿ, ನಾಲ್ಕು ದೀಪ ಮಾತ್ರ ಇದ್ದವು. ಮಷೀನಿನ ಪ್ಲಗ್ಗಿನಲ್ಲಿ ಮೀಟರ್ ತೋರಿಸಿದ್ದು 188 ವೋಲ್ಟ್. ಬಟ್ಟೆ ತುಂಬಿ ಮಷೀನ್ ಶುರು ಮಾಡಿಸಿದೆ. ಅತಿ ಕಡಿಮೆಯ ಅಂಕಿಯನ್ನು ಹಿಡಿದಿಡುವ ಗುಂಡಿಯೊಂದು ನನ್ನ ಮೀಟರಿನಲ್ಲಿದೆ. ಮೋಟರ್ ತಿರುಗಲು ಹೆಣಗುವ ಕ್ಷಣದಲ್ಲಿ ಅದು ಹಿಡಿದ ಅಂಕಿ 166. ನಮ್ಮಲ್ಲಿ ಮನೆಗೆ ಬರಬೇಕಾದದ್ದು 230.

ಈ 166 ಎಂಬ ಅಂಕಿ ಮೋಟರಿಗೆ ಏನು ಮಾಡುತ್ತದೆ ಎನ್ನುವುದನ್ನು ನಿಧಾನವಾಗಿ ನೋಡಬೇಕು. ಇಡೀ ವಿಷಯದ ಜೀವ ಇರುವುದು ಇಲ್ಲೇ.

ತಂಗಿಯ ಮಷೀನ್ ಮೇಲಿನಿಂದ ಬಟ್ಟೆ ಹಾಕುವಂಥದ್ದು, ಹಳೆಯ ಮಾದರಿ. ಅದರ ಮೋಟರ್ ಇಂಡಕ್ಷನ್ ಮೋಟರ್. ಒಳಗೆ ಎರಡು ವೈಂಡಿಂಗ್, ಪಕ್ಕದಲ್ಲಿ ಒಂದು ಕೆಪಾಸಿಟರ್. ಕೆಪಾಸಿಟರ್ ಯಾವ ವೈಂಡಿಂಗಿನ ದಾರಿಯಲ್ಲಿ ಬರುತ್ತದೋ ಅದರ ಮೇಲೆ ಮೋಟರ್ ಬಲಕ್ಕೋ ಎಡಕ್ಕೋ ತಿರುಗುತ್ತದೆ. ಇಂಥ ಮೋಟರಿನ ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬಿದ್ದರೆ ಬಲ ಕಾಲು ಭಾಗ ಇಳಿದು ನಿಲ್ಲುವುದಿಲ್ಲ, ಅರ್ಧಕ್ಕೆ ಬರುತ್ತದೆ. 166ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ ನೋಡಿ: 0.52. ಅಂದರೆ ಆ ಸಂಜೆ ನೆನೆದ ಬೆಡ್‌ಶೀಟುಗಳನ್ನು ತಿರುಗಿಸಲು ಮೋಟರಿನ ಕೈಯಲ್ಲಿದ್ದದ್ದು ಅರ್ಧ ಶಕ್ತಿ.

ಫ್ಯಾನಿನ ಮೋಟರೂ ಇದೇ ಜಾತಿಯದು. ಕಡಿಮೆ ವೋಲ್ಟೇಜಿನಲ್ಲಿ ಅದು ಮೆಲ್ಲಗೆ ತಿರುಗುತ್ತದೆ, ಅಷ್ಟಕ್ಕೇ ಸುಡುವುದಿಲ್ಲ. ಗಾಳಿ ತಳ್ಳುವ ಕೆಲಸ ಹಗುರ, ವೇಗ ಇಳಿದ ಹಾಗೆ ಹೊರೆಯೂ ಇಳಿಯುತ್ತದೆ. ಫ್ಯಾನು ಸಂಜೆ ಒಮ್ಮೆ ಶುರುವಾದರೆ ಬೆಳಗಿನವರೆಗೂ ತಿರುಗುತ್ತಲೇ ಇರುತ್ತದೆ. ವಾಷಿಂಗ್ ಮಷೀನಿನ ಬಾಳು ಹಾಗಲ್ಲ. ಬಟ್ಟೆ ಒಗೆಯುವ ಹೊತ್ತಿನಲ್ಲಿ ತಳದ ಚಕ್ರ ಒಂದೆರಡು ಸೆಕೆಂಡು ಬಲಕ್ಕೆ ತಿರುಗುತ್ತದೆ, ನಿಲ್ಲುತ್ತದೆ, ಎಡಕ್ಕೆ ತಿರುಗುತ್ತದೆ, ನಿಲ್ಲುತ್ತದೆ. ಹತ್ತು ಹನ್ನೆರಡು ನಿಮಿಷದ ಒಂದು ಒಗೆತದಲ್ಲಿ ಮೋಟರ್ ನೂರಾರು ಸಲ ನಿಂತಲ್ಲಿಂದ ಹೊರಡಬೇಕು. ಅದರ ಆಯಸ್ಸೆಲ್ಲ ಹೊರಡುವುದರಲ್ಲೇ ಕಳೆಯುತ್ತದೆ.

ಯಾವುದೇ ಇಂಡಕ್ಷನ್ ಮೋಟರ್ ಹೊರಡುವಾಗ ಎಳೆಯುವ ಕರೆಂಟು, ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ವೋಲ್ಟೇಜ್ ಸರಿಯಿದ್ದರೆ ಆ ಹೆಚ್ಚಿನ ಕರೆಂಟು ಕ್ಷಣಮಾತ್ರ ಇರುತ್ತದೆ. ಮೋಟರ್ ವೇಗ ಹಿಡಿದ ಕೂಡಲೇ ಇಳಿದುಬಿಡುತ್ತದೆ. ಬಲ ಅರ್ಧವಾದಾಗ ಮೋಟರ್ ವೇಗ ಹಿಡಿಯುವುದೇ ಇಲ್ಲ. ಇನ್ನೇನು ತಿರುಗಬೇಕು ಅನ್ನುವಷ್ಟರಲ್ಲಿ ಆ ಸರದಿಯ ಸಮಯ ಮುಗಿಯುತ್ತದೆ, ಬೋರ್ಡ್ ಅದನ್ನು ನಿಲ್ಲಿಸಿ ಉಲ್ಟಾ ತಿರುಗು ಎನ್ನುತ್ತದೆ. ಹೀಗೆ ಒಗೆತದ ಉದ್ದಕ್ಕೂ ಮೋಟರ್ ಹೊರಡುವ ಕರೆಂಟಿನಲ್ಲೇ ಬೇಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: ಕರೆಂಟು ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ತಂಗಿಯ ಮೂಗಿಗೆ ಬಂದ ವಾಸನೆ ವೈಂಡಿಂಗಿನ ಮೇಲಿನ ವಾರ್ನಿಶ್‌ನದು.

ಹತ್ತು ನಿಮಿಷದಲ್ಲಿ ಮಷೀನ್ ನಿಂತದ್ದಕ್ಕೂ, ಅರ್ಧ ಗಂಟೆಗೆ ಮತ್ತೆ ಹೊರಟದ್ದಕ್ಕೂ ಕಾರಣ ಒಂದೇ. ವೈಂಡಿಂಗಿನ ಮಗ್ಗುಲಲ್ಲಿ ಬಟಾಣಿ ಕಾಳಿಗಿಂತ ತುಸು ದೊಡ್ಡದಾದ ಒಂದು ಶಾಖದ ಸ್ವಿಚ್ಚನ್ನು ಕಟ್ಟಿರುತ್ತಾರೆ. ಬಿಸಿ ಮಿತಿ ಮೀರಿದರೆ ಅದು ತಾನಾಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದ ಮೇಲೆ ತಾನಾಗಿ ಕೂಡಿಕೊಳ್ಳುತ್ತದೆ. ಮೋಟರನ್ನು ಇಷ್ಟು ದಿನ ಉಳಿಸಿದ್ದು ಅದೇ. ಆದರೆ ಅದು ಬಿಟ್ಟುಕೊಂಡ ಪ್ರತಿ ಸಲವೂ ವಾರ್ನಿಶ್ ಸ್ವಲ್ಪ ಸ್ವಲ್ಪ ಸುಟ್ಟಿರುತ್ತದೆ. ರಿವೈಂಡಿಂಗ್ ಅಂಗಡಿಯವರೂ ಇಂಜಿನಿಯರುಗಳೂ ಒಪ್ಪುವ ಒಂದು ಸ್ಥೂಲ ಲೆಕ್ಕವಿದೆ: ವೈಂಡಿಂಗ್ ತಾಳಬೇಕಾದ ಬಿಸಿಗಿಂತ ಹತ್ತು ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡುತ್ತಲೇ ಇದ್ದರೆ ನಿರೋಧಕದ ಆಯಸ್ಸು ಅರ್ಧವಾಗುತ್ತದೆ. ಒಂದು ದಿನ ಎರಡು ಸುತ್ತುಗಳ ನಡುವಿನ ವಾರ್ನಿಶ್ ಪೂರ್ತಿ ಹೋಗಿ ತಂತಿಗೆ ತಂತಿ ತಗುಲುತ್ತದೆ. ಅಂದು ಶಾಖದ ಸ್ವಿಚ್ಚಿನಿಂದ ಏನೂ ಆಗದು, ಮೋಟರ್ ರಿವೈಂಡಿಂಗಿಗೆ ಹೋಗಲೇಬೇಕು.

ಇಷ್ಟು ಮೋಟರಿನ ಕಥೆ. ಬೋರ್ಡಿನ ಕಥೆ ಬೇರೆ. ಇದರ ಬಗ್ಗೆ ತಪ್ಪು ನಂಬಿಕೆಗಳೂ ಹೆಚ್ಚು.

ಬೋರ್ಡಿನ ಮೇಲೆ ಎರಡು ಬಗೆಯ ಕೆಲಸಗಾರರಿದ್ದಾರೆ ಎಂದುಕೊಳ್ಳಿ. ಒಬ್ಬ ಯೋಚನೆ ಮಾಡುವವನು, ಅಂದರೆ ಕಪ್ಪು ಚಿಪ್ಪು. ಅವನಿಗೆ 5 ವೋಲ್ಟ್ ಸಾಕು. ಇನ್ನೊಬ್ಬ ಸ್ವಿಚ್ ಒತ್ತುವವನು, ಅಂದರೆ ರಿಲೇ. ಚಿಪ್ಪು ಹೇಳಿದಾಗ ಟಕ್ ಎಂದು ಕಚ್ಚಿಕೊಂಡು ಮೋಟರಿಗೋ ನೀರಿನ ವಾಲ್ವಿಗೋ ಕರೆಂಟು ಬಿಡುವವನು. ಅವನಿಗೆ 12 ವೋಲ್ಟ್ ಬೇಕು. ಹಳೆಯ ಮಾದರಿಯ ಬೋರ್ಡುಗಳಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಮನೆಯ ಕರೆಂಟನ್ನು 12ಕ್ಕೆ ಇಳಿಸುತ್ತದೆ, ಅದರಿಂದ ಇನ್ನೊಂದು ಬಿಡಿಭಾಗ ಚಿಪ್ಪಿಗೆ 5 ವೋಲ್ಟನ್ನು ಅಳೆದು ಕೊಡುತ್ತದೆ. ಮನೆಯ ವೋಲ್ಟೇಜ್ ಬಿದ್ದರೆ ಆ 12 ಕೂಡ ಅದೇ ಪ್ರಮಾಣದಲ್ಲಿ ಬೀಳುತ್ತದೆ. 230 ಇದ್ದದ್ದು 166 ಆದರೆ 12 ಹೋಗಿ ಸುಮಾರು 8.7 ಆಗುತ್ತದೆ. ಸಾಮಾನ್ಯ 12 ವೋಲ್ಟ್ ರಿಲೇ ಕಚ್ಚಲು ಕನಿಷ್ಠ 9 ವೋಲ್ಟ್ ಬೇಕು. ಚಿಪ್ಪಿನ 5 ವೋಲ್ಟ್ ಮಾತ್ರ ಇನ್ನೂ ಅಲುಗಾಡಿರುವುದಿಲ್ಲ.

ಇದರಿಂದ ವಿಚಿತ್ರ ಲಕ್ಷಣಗಳು ಹುಟ್ಟುತ್ತವೆ. ಮುಂದಿನ ದೀಪಗಳೆಲ್ಲ ಸರಿಯಾಗಿ ಉರಿಯುತ್ತವೆ, ಅಂಕಿಗಳು ಕೆಳಗೆ ಎಣಿಸುತ್ತವೆ, ಆದರೆ ನೀರು ಬರುವುದಿಲ್ಲ. ಚಿಪ್ಪು ಹೇಳಿದೆ, ರಿಲೇ ಕಚ್ಚಿಲ್ಲ. ಅಥವಾ ಅರೆಮನಸ್ಸಿನಿಂದ ಕಚ್ಚಿದೆ. ಈ ಅರೆಕಚ್ಚುವಿಕೆಯೇ ಬೋರ್ಡಿಗೆ ಕಡಿಮೆ ವೋಲ್ಟೇಜ್ ಮಾಡುವ ನಿಜವಾದ ಕೇಡು. ಬಿಗಿಯಾಗಿ ಕೂಡದ ತುದಿಗಳ ನಡುವೆ ಕಿಡಿ ಹಾರುತ್ತದೆ, ತುದಿಗಳು ಕರಗಿ ಗುಳಿ ಬೀಳುತ್ತವೆ, ಕೊನೆಗೆ ಒಂದಕ್ಕೊಂದು ಬೆಸೆದುಕೊಂಡು ಬಿಡಿಸಿಕೊಳ್ಳುವುದೇ ಇಲ್ಲ. ಮಷೀನ್ ಆರಿಸಿದ ಮೇಲೂ ನೀರು ಬರುತ್ತಲೇ ಇದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇಂಥ ಬೆಸೆದ ತುದಿಗಳಿರುತ್ತವೆ.

ವೋಲ್ಟೇಜ್ ಇನ್ನೂ ಕೆಳಗೆ ಹೋದರೆ ಚಿಪ್ಪಿಗೂ ಕುತ್ತು. ಇಂಥ ಬೋರ್ಡಿನಲ್ಲಿ ಮನೆಯ ವೋಲ್ಟೇಜ್ 135ರ ಆಸುಪಾಸಿಗೆ ಬಂದರೆ 5 ವೋಲ್ಟನ್ನು ಕಾಯ್ದುಕೊಳ್ಳಲು ಆಗುವುದಿಲ್ಲ, ಚಿಪ್ಪು ಕಣ್ಣು ಮುಚ್ಚಿ ಮತ್ತೆ ಏಳುತ್ತದೆ. ಅದು ಕಣ್ಣು ಮುಚ್ಚಿದೊಡನೆ ಮೋಟರ್ ನಿಲ್ಲುತ್ತದೆ. ಮೋಟರ್ ನಿಂತೊಡನೆ ವೋಲ್ಟೇಜ್ ಏರುತ್ತದೆ, ಚಿಪ್ಪು ಏಳುತ್ತದೆ, ಮೋಟರ್ ಹೊರಡುತ್ತದೆ, ವೋಲ್ಟೇಜ್ ಬೀಳುತ್ತದೆ. ದೀಪಗಳು ಮಿಣಕುತ್ತ ಮಷೀನ್ ಶುರುವಾಗಿ ನಿಂತು ಶುರುವಾಗುವುದನ್ನು ನೋಡಿದವರು ಬೋರ್ಡೇ ಹೋಯಿತು ಎನ್ನುತ್ತಾರೆ. ಬೋರ್ಡ್ ಹೋಗಿರುವುದಿಲ್ಲ. ತಂಗಿ ದುಡ್ಡು ಕೊಟ್ಟು ತೆಗೆಸಿ ಎಸೆದ ಬೋರ್ಡಿನಲ್ಲೂ ದೋಷವಿತ್ತೆಂದು ನನಗೆ ಅನ್ನಿಸುವುದಿಲ್ಲ.

ನೀರಿನ ವಾಲ್ವನ್ನೂ ಇಲ್ಲೇ ಹೇಳಿಬಿಡಬೇಕು. ಅದೊಂದು ಸುರುಳಿ, ಕರೆಂಟು ಬಂದರೆ ಒಳಗಿನ ಕಡ್ಡಿಯನ್ನು ಮೇಲೆತ್ತುತ್ತದೆ. ವೋಲ್ಟೇಜ್ ಸಾಲದಾದಾಗ ಕಡ್ಡಿ ಏಳದೆ ಸುರುಳಿ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಮಷೀನ್ ನೀರು ಬರುತ್ತಿಲ್ಲ ಎಂದು ಸೂಚನೆ ಕೊಡುತ್ತದೆ, ಮನೆಯವರು ನಲ್ಲಿ, ಟ್ಯಾಂಕು, ಜಾಲರಿ ಎಲ್ಲ ತೊಳೆಯುತ್ತಾರೆ. ನೀರು ಹೊರಹಾಕುವ ಪುಟ್ಟ ಪಂಪಿನದೂ ಇದೇ ಹಾಡು.

ಈಗ ಸ್ಟೆಬಿಲೈಜರ್.

ನಾನು ಊರಿಗೆ ಹೋಗುವ ಮೊದಲೇ ತಂಗಿಯ ಗಂಡ ಪೇಟೆಗೆ ಹೋಗಿ ಒಂದನ್ನು ತಂದಿಟ್ಟಿದ್ದರು. "ಭಾವ, ಅಂಗಡಿಯವನು 140ರಿಂದ ಎಳೀತದೆ ಅಂದ, ಇನ್ನೇನು ಬೇಕು" ಅಂದರು. ಹಾಕಿ ನೋಡಿದೆವು. ಮೊದಲ ಎರಡು ನಿಮಿಷ ಮಷೀನಿಗೆ ಹೊಸ ಉಸಿರು ಬಂದಂತೆ ಕಂಡಿತು. ಆಮೇಲೆ ಡಬ್ಬಿಯೊಳಗಿಂದ ಟಕ್-ಟಕ್, ಟಕ್-ಟಕ್, ಮಷೀನಿನ ಚಕ್ರ ತಿರುಗುವ ತಾಳಕ್ಕೇ ಸರಿಯಾಗಿ. ಮನೆಯ ದೀಪಗಳು ಅದೇ ತಾಳಕ್ಕೆ ಮಂಕಾಗಿ ಬೆಳಗುತ್ತಿದ್ದವು. ಅಷ್ಟರಲ್ಲಿ ಫ್ರಿಜ್ಜಿನ ಕಂಪ್ರೆಸರ್ ಶುರುವಾಯಿತು. ಸ್ಟೆಬಿಲೈಜರ್ ಕಟ್ಟಾಯಿತು. ಮೂರು ನಿಮಿಷ ಕಾದು ತಾನೇ ಹಾಕಿಕೊಂಡಿತು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕಟ್ಟು.

ಏನಾಯಿತೆಂದರೆ, ಮನೆಬಳಕೆಯ ಸಾಮಾನ್ಯ ಸ್ಟೆಬಿಲೈಜರಿನೊಳಗೆ ಇರುವುದು ಒಂದೇ ಸುರುಳಿಯ ಟ್ರಾನ್ಸ್‌ಫಾರ್ಮರ್. ಆ ಸುರುಳಿಯಿಂದ ಮೂರು ನಾಲ್ಕು ಕಡೆ ತಂತಿ ಹೊರತೆಗೆದು, ಒಳಬರುವ ವೋಲ್ಟೇಜ್ ನೋಡಿ ರಿಲೇಗಳು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತವೆ. ಟಕ್ ಎಂಬುದು ಆ ಬದಲಾವಣೆಯ ಸದ್ದು. ಅದು ವೋಲ್ಟೇಜನ್ನು ಎತ್ತುತ್ತದೆ ಹೊರತು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಹೊರಗೆ ಹೆಚ್ಚು ವೋಲ್ಟೇಜ್ ಕೊಡಬೇಕಾದರೆ ಒಳಗಿನಿಂದ ಅಷ್ಟೇ ಹೆಚ್ಚು ಕರೆಂಟನ್ನು ಎಳೆಯಬೇಕು. 160 ಬರುವಲ್ಲಿ 220 ಮಾಡಿಕೊಡಬೇಕಾದರೆ, ಮಷೀನಿಗೆ 10 ಆಂಪಿಯರ್ ಕೊಡಲು ವೈರಿನಿಂದ 14 ಆಂಪಿಯರ್ ಎಳೆಯಬೇಕು.

ವೈರು ಗಟ್ಟಿಯಿದ್ದರೆ ಅದೇನೂ ದೊಡ್ಡದಲ್ಲ. ತಂಗಿಯ ಮನೆಯ ವೈರು ಗಟ್ಟಿ ಇರಲಿಲ್ಲ. ಮರುದಿನ ಸಂಜೆ ರಸ್ತೆ ಬದಿಯ ಮೀಟರಿನ ಹತ್ತಿರ ವೋಲ್ಟೇಜ್ ಅಳೆದೆವು. ಅಲ್ಲಿ 196 ಇತ್ತು. ಸ್ಟೆಬಿಲೈಜರ್ ಇಲ್ಲದೆ ಮಷೀನ್ ಹೆಣಗುವಾಗಲೂ ಅಲ್ಲಿ ಒಂದೆರಡು ವೋಲ್ಟ್ ಮಾತ್ರ ಇಳಿಯುತ್ತಿತ್ತು, ಆದರೆ ಅದೇ ಕ್ಷಣದಲ್ಲಿ ಮನೆಯೊಳಗೆ 166. ಹತ್ತಿರ ಹತ್ತಿರ ಮೂವತ್ತು ವೋಲ್ಟ್ ತೆಂಗಿನ ಮರಗಳ ನಡುವೆ ಕರಗಿಹೋಗುತ್ತಿತ್ತು. ಸ್ಟೆಬಿಲೈಜರ್ ಹಾಕಿದಾಗ ಕರೆಂಟು ಹೆಚ್ಚಾದ್ದರಿಂದ ಆ ನಷ್ಟವೂ ಹೆಚ್ಚಾಗಿ, ಮನೆಗೆ ಬರುವುದು 150ಕ್ಕಿಂತ ಕೆಳಗಿಳಿಯುತ್ತಿತ್ತು. ಅದರ ಮೇಲೆ ಫ್ರಿಜ್ಜೂ ಹೊರಟರೆ 140ನ್ನೂ ದಾಟಿ ಕೆಳಗೆ. ಅಲ್ಲಿ ಸ್ಟೆಬಿಲೈಜರ್ ಕೈಚೆಲ್ಲುತ್ತಿತ್ತು. ಬಾವಿಯಲ್ಲಿ ನೀರಿದೆ, ಹಗ್ಗ ಸವೆದಿದೆ. ಸವೆದ ಹಗ್ಗಕ್ಕೆ ದೊಡ್ಡ ಕೊಡ ಕಟ್ಟಿದ ಹಾಗಾಗಿತ್ತು ಅದು.

ವೈರನ್ನು ನೋಡಿದೆವು. ಎರಡೂವರೆ ಚದರ ಮಿಲಿಮೀಟರಿನ ಅಲ್ಯೂಮಿನಿಯಂ ವೈರು. ಹೋಗಿಬರುವ ಎರಡು ಎಳೆಗಳೂ ಸೇರಿ ಇನ್ನೂರು ಮೀಟರ್. ಲೆಕ್ಕ ಹಾಕಿದರೆ ವೈರಿನದೇ ಎರಡೂಕಾಲು ಓಮ್ ಅಡ್ಡಿ. ಉಳಿದದ್ದನ್ನು ಮನೆಯ ಗೋಡೆಯ ಹತ್ತಿರ ಒಂದು ಜಾಯಿಂಟ್ ತುಂಬಿಸಿಕೊಟ್ಟಿತ್ತು. ಅಲ್ಯೂಮಿನಿಯಂ ವೈರಿಗೆ ಮನೆಯೊಳಗಿನ ತಾಮ್ರದ ವೈರನ್ನು ಬರೀ ತಿರುಚಿ ಟೇಪು ಸುತ್ತಿದ್ದರು. ಟೇಪು ಕರಗಿ ಅಂಟಾಗಿತ್ತು. ಈ ಎರಡು ಲೋಹಗಳನ್ನು ನೇರವಾಗಿ ತಿರುಚಿದರೆ ತೇವಕ್ಕೆ ತುಕ್ಕಿನಂಥ ಪದರ ಕಟ್ಟಿ ಜಾಯಿಂಟ್ ಬಿಸಿಯಾಗುತ್ತದೆ. ಅವೆರಡನ್ನೂ ಕೂಡಿಸಲೆಂದೇ ಮಾಡಿದ ಲಗ್ ಇಲ್ಲಿ ಬೇಕು. ಆ ಜಾಯಿಂಟ್ ಇದ್ದದ್ದು ತೊಲೆಯ ಪಕ್ಕ. ಅದನ್ನು ನೋಡಿದಾಗ ನನಗೆ ಮಷೀನಿನ ಚಿಂತೆ ಹೋಗಿ ಮನೆಯ ಚಿಂತೆ ಹತ್ತಿತು.

ಮೀಟರಿನಿಂದ ಈಚೆಗಿನ ವೈರು ಮನೆಯವರದೇ. ಹಾಗಾಗಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಹತ್ತು ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ಹಾಕಿಸಿದೆವು, ಎರಡೂ ತುದಿಗೆ ಲಗ್ ಒತ್ತಿಸಿದೆವು. ದಪ್ಪ ನಾಲ್ಕು ಪಟ್ಟಾದ್ದರಿಂದ ಅಡ್ಡಿ ಕಾಲು ಭಾಗಕ್ಕೆ ಇಳಿಯಿತು. ಮೀಟರಿನಿಂದ ಆಚೆಗಿನ ವೈರಾಗಿದ್ದರೆ ನಾವು ಕೈ ಹಾಕುವ ಹಾಗಿರಲಿಲ್ಲ. ಅದು ವಿದ್ಯುತ್ ಕಂಪನಿಯದು, ಅದಕ್ಕೆ ಲೈನ್‌ಮನ್ನೇ ಬರಬೇಕು.

ಕೇಬಲ್ ಹಾಕಿಸಿದ ದಿನ ಸಂಜೆ ಮಷೀನ್ ಹಾಕುವ ಮೊದಲು ಮನೆಯೊಳಗೆ 194. ಸ್ಟೆಬಿಲೈಜರ್ ಸಮೇತ ಮಷೀನ್ ಹೊರಡುವಾಗ ಅತಿ ಕಡಿಮೆ 186. ಡಬ್ಬಿಯ ಟಕ್-ಟಕ್ ನಿಂತುಹೋಗಿತ್ತು. ಒಂದು ಮೆಟ್ಟಿಲು ಏರಿಸಿಕೊಂಡು ಅಲ್ಲೇ ಕೂತಿತ್ತು. ಮಷೀನಿಗೆ 220ರ ಆಸುಪಾಸು ಸಿಗುತ್ತಿತ್ತು. ಅದೇ ಬೆಡ್‌ಶೀಟುಗಳು ಸಲೀಸಾಗಿ ತಿರುಗಿದವು. ಯಾವ ಸ್ಟೆಬಿಲೈಜರ್ ಹಿಂದಿನ ಸಂಜೆಗಳಲ್ಲಿ ತೊಂದರೆ ಹೆಚ್ಚಿಸಿತ್ತೋ ಅದೇ ಈಗ ಸರಿಯಾಗಿ ಕೆಲಸ ಮಾಡುತ್ತಿತ್ತು. ಕಡಿಮೆಯಾಗಿದ್ದರೂ ಅಲುಗಾಡದೆ ನಿಂತ ವೋಲ್ಟೇಜನ್ನು ಎತ್ತಿಕೊಡುವುದು ಅದರ ಕೆಲಸ. ಹೊರೆ ಬಿದ್ದ ಕೂಡಲೇ ಕುಸಿಯುವ ವೋಲ್ಟೇಜಿಗೆ ಅದರಲ್ಲಿ ಮದ್ದಿಲ್ಲ.

ಮೀಟರಿನಲ್ಲೇ 196 ಇದ್ದದ್ದು ಬೇರೆ ಮಾತು. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಲ್ಲೇ ಮನೆಯ ಲೈನಿಗೆ ಶೇಕಡಾ 6ರ ಏರಿಳಿತ ಮಾತ್ರ ಎಂದು ಹೇಳಿತ್ತು. 230ಕ್ಕೆ ಆ ಲೆಕ್ಕ ಹಿಡಿದರೆ 216ಕ್ಕಿಂತ ಕೆಳಗೆ ಬರಬಾರದು. ಒಂದೇ ಟಿಸಿಗೆ ತೋಟದ ಪಂಪುಗಳೂ ಮನೆಗಳೂ ಕಟ್ಟಿಕೊಂಡಿರುವಲ್ಲಿ, ಅದರಲ್ಲೂ ಲೈನಿನ ಕೊನೆಯ ಮನೆಗಳಲ್ಲಿ, ಪಂಪು ಓಡುವ ಹೊತ್ತು ಇಂಥ ಇಳಿತ ಮಾಮೂಲು. ಇದನ್ನು ಸರಿಮಾಡಬೇಕಾದವರು ನಾವಲ್ಲ. ಆದರೆ ದೂರು ಕೊಡಬೇಕಾದವರು ನಾವೇ.

ಕೊಳ್ಳುವವರಿಗೆ ಒಂದೆರಡು ಮಾತು ಹೇಳಬೇಕು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಎರಡು ಅಂಕಿಗಳನ್ನು ನೋಡಿ: ಅದು ಎಷ್ಟರಿಂದ ಎಷ್ಟರವರೆಗೆ ಒಳತೆಗೆದುಕೊಳ್ಳುತ್ತದೆ, ಎಷ್ಟು ಆಂಪಿಯರ್ ತಾಳುತ್ತದೆ. ಬಿಸಿನೀರಿನ ಹೀಟರ್ ಇಲ್ಲದ ಮಷೀನಿಗೆ, ಮೋಟರ್ ಹೊರಡುವಾಗಿನ ಕರೆಂಟನ್ನು ಲೆಕ್ಕಕ್ಕೆ ತೆಗೆದುಕೊಂಡು, ಎರಡು ಕೆವಿಎ ಹತ್ತಿರದ್ದು ಸಾಮಾನ್ಯವಾಗಿ ಸಾಕು. ಮುಂದಿನಿಂದ ಬಟ್ಟೆ ಹಾಕುವ ಮಷೀನುಗಳಲ್ಲಿ ಸಾಮಾನ್ಯವಾಗಿ ಎರಡು ಸಾವಿರ ವಾಟ್ ಆಸುಪಾಸಿನ ಹೀಟರ್ ಇರುತ್ತದೆ. ಅದಕ್ಕೆ ಮೂರು ಕೆವಿಎ ಬೇಕು, ದೊಡ್ಡ ಪ್ಲಗ್ ಬೇಕು. ಒಳಬರುವ ವೋಲ್ಟೇಜ್ ಇಳಿದ ಹಾಗೆ ಸ್ಟೆಬಿಲೈಜರಿನ ತಾಕತ್ತೂ ಇಳಿಯುತ್ತದೆ ಎನ್ನುವುದನ್ನು ಅಂಗಡಿಯವರು ಹೇಳುವುದಿಲ್ಲ. ಹಳೆಯ ಟಿವಿ ಕಾಲದ, ಕೈಯಿಂದ ಗುಂಡಿ ತಿರುಗಿಸುವ ಬೂಸ್ಟರನ್ನು ಮಾತ್ರ ದಯವಿಟ್ಟು ಮಷೀನಿಗೆ ಹಾಕಬೇಡಿ. 170 ಇದೆಯೆಂದು ಗುಂಡಿಯನ್ನು ಮೇಲಕ್ಕಿಟ್ಟು 230 ಮಾಡಿಕೊಂಡಿರುತ್ತೀರಿ. ಪಂಪುಗಳು ನಿಂತು ಲೈನು 230ಕ್ಕೆ ಬಂದರೆ ಮಷೀನಿಗೆ ಹೋಗುವುದು 310.

ಹೊಸ ಇನ್ವರ್ಟರ್ ಮಷೀನುಗಳಿಗೆ ಸ್ಟೆಬಿಲೈಜರ್ ಬೇಡ ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಅವುಗಳ ಬೋರ್ಡ್ ಮನೆಯ ಕರೆಂಟನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ, ಆಮೇಲೆ ಮೋಟರಿಗೆ ಬೇಕಾದ ಹಾಗೆ ಕಡೆದು ಕೊಡುತ್ತದೆ. ರಿಲೇಗೆ, ಚಿಪ್ಪಿಗೆ ಬೇಕಾದ ವೋಲ್ಟೇಜನ್ನೂ ಬಹಳ ಅಗಲದ ಏರಿಳಿತದಲ್ಲಿ ಕಾಯ್ದುಕೊಳ್ಳುತ್ತದೆ. ನಾನು ಹೇಳಿದ ಗೊಣಗಾಟ, ಅರೆಕಚ್ಚುವಿಕೆ ಇವುಗಳಲ್ಲಿ ಕಡಿಮೆ. ವೋಲ್ಟೇಜ್ ತೀರಾ ಬಿದ್ದರೆ ಸೂಚನೆ ತೋರಿಸಿ ತಾವೇ ನಿಲ್ಲುವ ಮಾದರಿಗಳೂ ಇವೆ. ಮಷೀನಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟರಿಂದ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ. ನಿಮ್ಮ ಮನೆಯ ಸಂಜೆಯ ಅಂಕಿ ಅದರೊಳಗಿದ್ದರೆ, ಕಡಿಮೆ ವೋಲ್ಟೇಜಿಗಾಗಿ ಸ್ಟೆಬಿಲೈಜರಿಗೆ ಸುರಿಯುವ ದುಡ್ಡು ದಂಡ. ಹೀಟರ್ ಮಾತ್ರ ಅಲ್ಲೂ ನೇರ ಕರೆಂಟಿನಲ್ಲೇ ಉರಿಯುವುದು. 166ರಲ್ಲಿ ಅದರ ಬಿಸಿ ಅರ್ಧ, ನೀರು ಕಾಯಲು ಎರಡು ಪಟ್ಟು ಹೊತ್ತು.

ಈ ಹೊಸ ಬೋರ್ಡುಗಳು ಹೆಚ್ಚಾಗಿ ಸಾಯುವುದು ಹೆಚ್ಚು ವೋಲ್ಟೇಜಿನಿಂದ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಎರಡು ಫೇಸುಗಳ ನಡುವಿನ 400 ವೋಲ್ಟ್, ಆ ಫೇಸುಗಳಲ್ಲಿರುವ ಮನೆಗಳ ನಡುವೆ ಹೊರೆಗೆ ತಕ್ಕಂತೆ ಹಂಚಿಹೋಗುತ್ತದೆ. ಒಂದು ಮನೆಯಲ್ಲಿ ದೀಪ ಮಂಕಾದರೆ ಇನ್ನೊಂದು ಮನೆಯಲ್ಲಿ ಕಣ್ಣು ಕುಕ್ಕುವ ಬೆಳಕು. ದೀಪ ಹಾಗೆ ಉರಿದರೆ ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಆರಿಸಿ. ಹೆಚ್ಚು ವೋಲ್ಟೇಜಿಗೆ ಕಟ್ ಆಗುವ ಸ್ಟೆಬಿಲೈಜರ್ ಇಲ್ಲಿ ನೆರವಾಗಬಹುದು. ಇಡೀ ಮನೆಗೆ ಮೇನಿನಲ್ಲೇ ಹಾಕುವ ವೋಲ್ಟೇಜ್ ರಕ್ಷಕ ಅದಕ್ಕಿಂತ ಒಳ್ಳೆಯದು, ಏಕೆಂದರೆ ಅದು ಟಿವಿ, ಫ್ರಿಜ್‌ಗಳನ್ನೂ ಕಾಯುತ್ತದೆ.

ಸ್ಟೆಬಿಲೈಜರ್ ಕೊಳ್ಳುವ ಮೊದಲು ನಿಮ್ಮ ಎಲೆಕ್ಟ್ರಿಷಿಯನ್‌ನನ್ನು ಸಂಜೆ ಏಳರ ಹೊತ್ತಿಗೆ ಕರೆಸಿ, ಬೆಳಗ್ಗೆ ಬೇಡ. ಮಷೀನಿನ ಪ್ಲಗ್ಗಿನಲ್ಲಿ ಮಷೀನ್ ಹಾಕುವ ಮೊದಲೊಮ್ಮೆ, ಬಟ್ಟೆ ತುಂಬಿ ಅದು ಹೊರಡುವಾಗ ಇನ್ನೊಮ್ಮೆ ವೋಲ್ಟೇಜ್ ಅಳೆಸಿ. ಎರಡರ ನಡುವೆ ಹತ್ತು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ವೈರು, ಜಾಯಿಂಟುಗಳನ್ನು ನೋಡಿಸಿ. ವ್ಯತ್ಯಾಸ ಕಡಿಮೆಯಿದ್ದು ಎರಡೂ ಅಂಕಿ 200ಕ್ಕಿಂತ ಕೆಳಗಿದ್ದರೆ ಸ್ಟೆಬಿಲೈಜರ್ ತನ್ನಿ, ಜೊತೆಗೆ ಆ ಅಂಕಿಗಳನ್ನೂ ಅಳೆದ ಹೊತ್ತನ್ನೂ ಬರೆದಿಟ್ಟುಕೊಂಡು 1912ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.